ಮೂಳೆ ಮುರಿದರೆ ರಾಜಿ ಉಂಟು, ಕತ್ತಿ ತಾಗಿದರೆ ಇಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಹೀಗೊಂದು ಜಗಳ ಆಯಿತು ಅಂದುಕೊಳ್ಳಿ. ಅಡಿಕೆ ತೋಟಕ್ಕೆ ನೀರು ಬಿಡುವ ವಿಷಯದಲ್ಲಿ ಅಣ್ಣ ತಮ್ಮನಿಗೆ ಮಾತಿಗೆ ಮಾತು ಬೆಳೆಯಿತು. ತಮ್ಮ ಕತ್ತಿ ಬೀಸಿದ. ಅಣ್ಣನ ಮುಂಗೈಗೆ ನಾಲ್ಕು ಹೊಲಿಗೆ ಬಿತ್ತು. ವರ್ಷ ಕಳೆದ ಮೇಲೆ ಮನೆಯ ಮದುವೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಕೇಸು ಮಾತ್ರ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಹಾಗೇ ಇದೆ. ‘ನನಗೇನೂ ದೂರಿಲ್ಲ’ ಎಂದು ಅಣ್ಣ ಹೇಳಿದರೆ ಮುಗಿಯಿತಲ್ವಾ?

ಮುಗಿಯುವುದಿಲ್ಲ. ಕ್ರಿಮಿನಲ್ ಕೇಸು ನಡೆಸುವುದು ಸರ್ಕಾರ. ಯಾವುದನ್ನು ರಾಜಿ ಮಾಡಬಹುದು ಎಂಬುದಕ್ಕೆ ಕಾನೂನಿನಲ್ಲೇ ಒಂದು ಪಟ್ಟಿ ಇದೆ. ಬರಿಗೈಯಲ್ಲಿ ಹೊಡೆದು ಸಣ್ಣ ಗಾಯವಾದರೆ ಪೆಟ್ಟು ತಿಂದವನೇ ರಾಜಿ ಮಾಡಿಕೊಳ್ಳಬಹುದು, ಕೋರ್ಟಿನ ಅನುಮತಿ ಬೇಡ. ಅದೇ ಪೆಟ್ಟಿಗೆ ಮೂಳೆ ಮುರಿದರೆ ಅನುಮತಿ ಬೇಕು, ಆದರೂ ರಾಜಿಗೆ ದಾರಿ ಇದೆ. ರಾಜಿಯಾದರೆ ಆರೋಪಿ ಖುಲಾಸೆ ಆದಂತೆಯೇ. ಕತ್ತಿಯಿಂದ ಆದ ಗಾಯ ಚಿಕ್ಕದಾಗಿದ್ದರೂ ಪಟ್ಟಿಯಲ್ಲಿಲ್ಲ. ಶಿಕ್ಷೆ ನೋಡಿದರೆ ತಮಾಷೆ: ಮೂಳೆ ಮುರಿದದ್ದಕ್ಕೆ 7 ವರ್ಷದವರೆಗೆ, ಕತ್ತಿಯ ಗಾಯಕ್ಕೆ 3 ವರ್ಷದವರೆಗೆ.

ಮೊದಲು ಹೀಗಿರಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಮಿನಲ್ಲಿ ಆಯುಧದ ಗಾಯವೂ ಇತ್ತು, ಕೋರ್ಟಿನ ಅನುಮತಿ ಸಿಕ್ಕರೆ ಸಾಕಿತ್ತು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿ ಅದನ್ನು ತೆಗೆದುಹಾಕಿತು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂತು. ಪಟ್ಟಿ 359ನೇ ಕಲಮಿಗೆ ಹೋಯಿತು, ಆಯುಧದ ಗಾಯ ಮಾತ್ರ ಹೊರಗೇ ಉಳಿಯಿತು.

ಇದರ ಫಲ ಕೋರ್ಟಿನಲ್ಲಿ ಕಾಣುತ್ತದೆ. ರಾಜಿಯಾದ ಅಣ್ಣ ಸಾಕ್ಷಿಕಟ್ಟೆ ಹತ್ತಿ ‘ಕತ್ತಲಿತ್ತು, ಯಾರು ಅಂತ ನೋಡಲಿಲ್ಲ’ ಎನ್ನುತ್ತಾನೆ. ಎಲ್ಲರಿಗೂ ಗೊತ್ತಿರುವ ಸುಳ್ಳು ಇದು. ಆದರೆ ಸುಳ್ಳು ಸಾಕ್ಷಿ ಹೇಳುವುದೇ ಇನ್ನೊಂದು ಅಪರಾಧ. ಕಾನೂನು ನೇರ ದಾರಿ ಮುಚ್ಚಿ ಜನರನ್ನು ಅಡ್ಡದಾರಿಗೆ ತಳ್ಳಿದೆ ಎಂದೇ ನನಗನಿಸುತ್ತದೆ.

ಉಳಿದಿರುವ ನೇರ ದಾರಿ ಎಂದರೆ ಎರ್ನಾಕುಲದಲ್ಲಿರುವ ಕೇರಳ ಹೈಕೋರ್ಟು. ಹೈಕೋರ್ಟಿಗೆ ತನ್ನದೇ ಒಂದು ಅಧಿಕಾರವಿದೆ. ಪಟ್ಟಿಯಲ್ಲಿ ಇಲ್ಲದ ಕೇಸನ್ನೂ ರಾಜಿಯ ಕಾರಣಕ್ಕೆ ರದ್ದು ಮಾಡಬಹುದು ಎಂದು 2012ರಲ್ಲಿ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಜಗಳ ಇಬ್ಬರ ನಡುವಿನದ್ದಾಗಿರಬೇಕು ಅಷ್ಟೆ. ಕೊಲೆ, ಅತ್ಯಾಚಾರ, ದರೋಡೆಗೆ ಇದು ನಡೆಯದು. ಕೊಲೆ ಯತ್ನದ ಕಲಮು ಬಿದ್ದಿದ್ದರೆ ಗಾಯ ಎಲ್ಲಿ, ಆಯುಧ ಯಾವುದು ಎಂದು ಕೋರ್ಟ್ ನೋಡುತ್ತದೆ.

ತಮ್ಮ ಅರ್ಜಿ ಹಾಕುತ್ತಾನೆ, ಅಣ್ಣ ಅಫಿಡವಿಟ್ ಕೊಡುತ್ತಾನೆ. ರಾಜಿ ನಿಜವೋ ಎಂದು ತಿಳಿಯಲು ಕೋರ್ಟ್ ಪೊಲೀಸರಿಂದ ವರದಿ ಕೇಳಬಹುದು. ಆಗ ಅಣ್ಣನನ್ನು ಠಾಣೆಗೆ ಕರೆದು ವಿಚಾರಿಸುತ್ತಾರೆ. ಅಲ್ಲಿ ಅವನು ‘ಮನೆಯವರ ಒತ್ತಾಯಕ್ಕೆ ಸುಮ್ನೆ ಸಹಿ ಹಾಕಿದೆ’ ಎಂದರೆ ಅರ್ಜಿ ನಿಲ್ಲುವುದು ಕಷ್ಟ. ಕೇಸು ಮತ್ತೆ ಮ್ಯಾಜಿಸ್ಟ್ರೇಟರ ಮುಂದೆಯೇ ನಡೆಯುತ್ತದೆ.