ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು

ಆ ಹೆಣ್ಣುಮಗಳು ಚೀಲದಿಂದ ತೆಗೆದು ನನ್ನ ಮೇಜಿನ ಮೇಲಿಟ್ಟದ್ದು ಪತ್ರಿಕೆಯ ಒಂದು ತುಣುಕು. ಮಡಿಸಿ ಮಡಿಸಿ ನಡುವೆ ಹರಿದಿತ್ತು. "ಚಹರೆ: 5.5 ಅಡಿ ಎತ್ತರ, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಮನೆಯಿಂದ ಹೊರಡುವಾಗ ನೀಲಿ ಶರ್ಟ್, ಬಿಳಿ ಪಂಚೆ ಧರಿಸಿದ್ದರು." ಗಂಡ ಕಾಣೆಯಾಗಿ ಅಂದಿಗೆ ನಲವತ್ಮೂರು ದಿನ. "ಸ್ಟೇಷನ್ನಿಗೆ ಹೋದಾಗೆಲ್ಲ ಹುಡುಕ್ತಾ ಇದೀವಿ ಅಂತಾರೆ ಮೇಡಂ. ಎಲ್ಲಿ ಹುಡುಕ್ತಿದಾರೆ ಅಂತ ಕೇಳೋದು ಹೆಂಗೆ?" ಅಂದರು.

ಶಿವಮೊಗ್ಗದಲ್ಲಿ ವಕೀಲಿಕೆ ಮಾಡುತ್ತ ಇಂಥ ಹಲವು ತುಣುಕುಗಳನ್ನು ನೋಡಿದ್ದೇನೆ. ಆ ನಾಲ್ಕು ಮಾತಿನ ಚಹರೆಗೆ ನಮ್ಮ ತಾಲ್ಲೂಕಿನ ಅರ್ಧಕ್ಕರ್ಧ ಗಂಡಸರು ಹೊಂದುತ್ತಾರೆ. ಹುಡುಕಾಟ ನಿಂತುಹೋಗುವುದು ಎಷ್ಟೋ ಸಲ ಅಲ್ಲಿಯೇ, ದೂರು ಬರೆಸಿದ ದಿನವೇ. ಅದಕ್ಕೇ ಈ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರದು ತೀರ್ಥಹಳ್ಳಿ ಕಡೆಯ ಹಳ್ಳಿ. ನಲವತ್ತೆಂಟರ ಗಂಡಸು. ಆಷಾಢದ ಒಂದು ಸೋಮವಾರ ಅಡಿಕೆ ದುಡ್ಡು ಬರಬೇಕಿದೆ ಎಂದು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದರು. ಮಧ್ಯಾಹ್ನ ಒಮ್ಮೆ ಹೆಂಡತಿಗೆ ಫೋನ್ ಮಾಡಿದ್ದರು. ಸಂಜೆಯಿಂದ ಸ್ವಿಚ್ಡ್ ಆಫ್. ಮರುದಿನ ಊರಿನ ಹತ್ತಿರದ ಠಾಣೆಗೆ ಹೋದರೆ, "ಇನ್ನೂ ಇಪ್ಪತ್ನಾಲ್ಕು ಗಂಟೆ ಆಗಿಲ್ವಲ್ಲಮ್ಮ, ನೆಂಟರ ಮನೆಗೆ ಹೋಗಿರ್ತಾರೆ" ಎಂಬ ಉತ್ತರ. ಅದರ ಮರುದಿನ, "ಕಾಣೆಯಾಗಿದ್ದು ಶಿವಮೊಗ್ಗದಲ್ಲಿ, ಅಲ್ಲಿ ಕೊಡಿ" ಅಂದರು. ಶಿವಮೊಗ್ಗದ ಠಾಣೆಯಲ್ಲಿ "ನಿಮ್ಮ ಮನೆ ಯಾವ ಲಿಮಿಟ್ಟೋ ಅಲ್ಲಿ ಕೊಡಿ" ಅಂದರು. ಕೊನೆಗೆ ದೂರು ದಾಖಲಾದದ್ದು ಐದನೆಯ ದಿನ.

ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಇರಲಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ. ಹದಿನೆಂಟರೊಳಗಿನ ಮಕ್ಕಳಾದರೆ ಮಾತೇ ಬೇರೆ. ಮಗು ಕಾಣೆಯಾಗಿದೆ ಎಂದ ಕೂಡಲೇ ಎಫ್‌ಐಆರ್ ಆಗಬೇಕು, ಅಪಹರಣವೆಂದೇ ಭಾವಿಸಿ ತನಿಖೆ ಶುರುವಾಗಬೇಕು, ನಾಲ್ಕು ತಿಂಗಳಲ್ಲಿ ಪತ್ತೆಯಾಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. 2013ರ ಮೇ ತಿಂಗಳಲ್ಲಿ ಬಚಪನ್ ಬಚಾವೋ ಆಂದೋಲನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ಕಡ್ಡಾಯವೆಂದಿತು, ಆಮೇಲೆ 2016ರ ಬಾಲನ್ಯಾಯ ಮಾದರಿ ನಿಯಮಗಳಲ್ಲೂ ಅದು ಸೇರಿತು.

ತೊಡಕಿರುವುದು ವಯಸ್ಕರ ವಿಷಯದಲ್ಲಿ. ವಯಸ್ಸಿಗೆ ಬಂದವರು ಮನೆ ಬಿಟ್ಟು ಹೋಗುವುದು ಅಪರಾಧವಲ್ಲ. ನಮ್ಮ ರಾಜ್ಯದ ಠಾಣೆಗಳಲ್ಲಿ "ಮನುಷ್ಯ ಕಾಣೆ", "ಮಹಿಳೆ ಕಾಣೆ" ಎಂದು ನಂಬರ್ ಕೊಟ್ಟು ದಾಖಲಿಸುವ ಪದ್ಧತಿ ಇದೆ. ಆದರೆ ಆ ಕಾಗದದಲ್ಲಿ ಅಪರಾಧದ ಕಲಂ ಇರುವುದಿಲ್ಲ. ಕಲಂ ಇಲ್ಲದ ಕಡತ ಠಾಣೆಯಲ್ಲಿ ಕಳ್ಳತನ, ಹೊಡೆದಾಟದ ಕಡತಗಳ ಅಡಿಗೆ ಹೋಗುತ್ತದೆ. ಸಿಬ್ಬಂದಿ ಕಡಿಮೆ, ಬಂದೋಬಸ್ತ್ ಹೆಚ್ಚು, ಅವರ ಕಷ್ಟವನ್ನೂ ನೋಡಿದ್ದೇನೆ. ಅದಕ್ಕೇ ಸಂಶಯ ಹುಟ್ಟಿಸುವ ಸಂಗತಿ ಏನಾದರೂ ಇದ್ದರೆ ಅದು ದೂರಿನಲ್ಲಿ ಮೊದಲ ದಿನವೇ ಇರಬೇಕು. ಬೆದರಿಕೆ, ದುಡ್ಡಿನ ತಕರಾರು, ಕಾಣೆಯಾದ ಮೇಲೂ ಎಟಿಎಂನಿಂದ ಹಣ ತೆಗೆದದ್ದು, ಫೋನ್ ಒಮ್ಮೆ ಆನ್ ಆಗಿ ಮತ್ತೆ ಆಫ್ ಆದದ್ದು, ಇಂಥವು. ಅಪಹರಣ ಅಥವಾ ಅಕ್ರಮ ಬಂಧನದ ಮಾಹಿತಿ ಇದ್ದರೆ ಎಫ್‌ಐಆರ್ ಮಾಡುವುದು ಪೊಲೀಸರ ಮರ್ಜಿಯಲ್ಲ. ಲಲಿತಾ ಕುಮಾರಿ ಪ್ರಕರಣದಲ್ಲಿ, ಅದೂ 2013ರಲ್ಲೇ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಹೇಳಿದೆ. ಹೊಸ ಸಂಹಿತೆಯ 173ನೇ ಕಲಂ ಪ್ರಕಾರ "ನಮ್ಮ ಲಿಮಿಟ್ ಅಲ್ಲ" ಎಂದು ವಾಪಸ್ ಕಳಿಸುವಂತೆಯೂ ಇಲ್ಲ. ಅಂಥ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಸಿಗಬೇಕು.

ಈ ಹೆಣ್ಣುಮಗಳ ಬಳಿ ಅಂಥ ಸಂಗತಿ ಇತ್ತು. ಗಂಡನಿಂದ ಕೈಸಾಲ ಪಡೆದಿದ್ದ ಒಬ್ಬರು ಆ ಬೆಳಗ್ಗೆ ಮೂರು ಸಲ ಫೋನ್ ಮಾಡಿ, ಶಿವಮೊಗ್ಗದಲ್ಲೇ ಸಿಗುತ್ತೇನೆ ಅಂದಿದ್ದರಂತೆ. "ಯಾಕೆ ಬರೆಸಲಿಲ್ಲ?" ಎಂದೆ. "ಸುಮ್ನೆ ಒಬ್ಬರ ಹೆಸರು ಯಾಕೆ ಹೇಳೋದು, ಪಾಪ ಅವರಿಗೆ ತೊಂದರೆ ಆಗತ್ತೆ ಅಂತ ಬಿಟ್ಟೆ" ಅಂದರು. ಮಲೆನಾಡಿನ ಹಳ್ಳಿಗಳಲ್ಲಿ ಈ ಸಂಕೋಚ ಬಹಳ. ಹೆಸರು ಹೇಳುವುದೆಂದರೆ ಆರೋಪ ಹೊರಿಸುವುದಲ್ಲ. ಇಂಥವರು ಇಷ್ಟು ಹೊತ್ತಿಗೆ ಫೋನ್ ಮಾಡಿದ್ದರು ಎಂಬ ಸಂಗತಿಯನ್ನಷ್ಟೇ ಬರೆಸಿದರೆ ಸಾಕಿತ್ತು.

ಇನ್ನು ಚಹರೆ. "ದೇಹದ ಮೇಲೆ ಗುರುತು ಏನಾದರೂ ಇದೆಯಾ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಜೀಪು ಮಗುಚಿ ಬಲ ತೊಡೆ ಮುರಿದಿತ್ತು, ರಾಡ್ ಹಾಕಿದಾರೆ. ಉದ್ದಕ್ಕೆ ಹೊಲಿಗೆ ಗುರುತಿದೆ" ಅಂದರು. ಠಾಣೆಯಲ್ಲಿ ಯಾರೂ ಕೇಳಿರಲಿಲ್ಲ, ಇವರಿಗೂ ಹೊಳೆದಿರಲಿಲ್ಲ. ಶರ್ಟು ಬದಲಾಗುತ್ತದೆ, ಗಡ್ಡ ಬೆಳೆಯುತ್ತದೆ. ಮಳೆಗಾಲದ ಹೊಳೆಯಲ್ಲಿ ಕೆಲವು ದಿನ ಇದ್ದ ದೇಹದ ಮುಖ, ಮೈಬಣ್ಣ ಹೆತ್ತವರಿಗೂ ಗುರುತು ಸಿಗುವುದಿಲ್ಲ. ಉಳಿಯುವುದು ರಾಡು, ಹಲ್ಲಿನ ಕ್ಯಾಪು, ಆಪರೇಷನ್ನಿನ ಗಾಯದ ಗೆರೆ, ಹಚ್ಚೆ, ತುಂಡಾದ ಬೆರಳು. ದೂರಿನಲ್ಲಿ ಮೊದಲು ಬರೆಸಬೇಕಾದ್ದು ಇವನ್ನೇ, ಆಪರೇಷನ್ ಮಾಡಿದ ಆಸ್ಪತ್ರೆಯ ಕಾಗದ ಅಥವಾ ಎಕ್ಸ್-ರೇ ಮನೆಯಲ್ಲಿದ್ದರೆ ಅದರ ಪ್ರತಿಯ ಸಮೇತ.

ಅವತ್ತೇ ಕೂತು ಠಾಣಾಧಿಕಾರಿಗೆ ಒಂದು ಮನವಿ ಬರೆದೆವು. ಡಿವೈಎಸ್‌ಪಿ ಮತ್ತು ಎಸ್‌ಪಿ ಕಚೇರಿಗೆ ಪ್ರತಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೆವು. "ಬೇಗ ಹುಡುಕಿಕೊಡಿ" ಎಂದು ಬರೆಯಲಿಲ್ಲ. ಅದಕ್ಕೆ ಉತ್ತರ "ಹುಡುಕ್ತಾ ಇದೀವಿ" ಎಂದೇ ಬರುತ್ತದೆ. ತಾರೀಕು ಹೇಳಲೇಬೇಕಾದ ಪ್ರಶ್ನೆಗಳನ್ನು ಬರೆದೆವು. ಫೋನಿನ ಕರೆ ವಿವರಕ್ಕೆ, ಅಂದರೆ ಸಿಡಿಆರ್‌ಗೆ, ಯಾವ ದಿನ ಕೋರಿಕೆ ಹೋಗಿದೆ? ಬಸ್ ನಿಲ್ದಾಣದ ಕ್ಯಾಮೆರಾ ದೃಶ್ಯ ತೆಗೆದುಕೊಂಡಿದ್ದೀರಾ? ಹೊಳೆಯ ಕೆಳಗಿನ ಯಾವ ಯಾವ ಠಾಣೆಗಳಿಗೆ, ರೈಲ್ವೆ ಪೊಲೀಸರಿಗೆ, ಜಿಲ್ಲಾ ಆಸ್ಪತ್ರೆಗಳಿಗೆ ಚಹರೆ ಕಳಿಸಿದ್ದೀರಿ?

ಸಿಡಿಆರ್ ಕೋರಿಕೆ ಎಸ್‌ಪಿ ಕಚೇರಿಯ ಮೂಲಕ ಹೋಗುವಂಥದ್ದು. ಠಾಣೆಯಲ್ಲಿ ಮಾತ್ರ ಕೇಳುತ್ತ ಕೂತರೆ ಅದು ಎಲ್ಲಿ ನಿಂತಿದೆ ಎಂದೇ ತಿಳಿಯುವುದಿಲ್ಲ. ಮೊಬೈಲ್ ಕಂಪನಿಗಳು ಈ ದಾಖಲೆಯನ್ನು ಎರಡು ವರ್ಷ ಇಟ್ಟುಕೊಳ್ಳಬೇಕು, ಹಾಗಾಗಿ ತಡವಾದರೂ ಸಿಗುತ್ತದೆ. ಆದರೆ ಟವರ್ ಲೊಕೇಶನ್ ಮೇಲೆ ಪೂರ್ತಿ ಭರವಸೆ ಬೇಡ. ಪೇಟೆಯಲ್ಲಿ ಅದು ಒಂದು ಬಡಾವಣೆಯನ್ನು ತೋರಿಸಬಹುದು, ಆಗುಂಬೆ, ಹೊಸನಗರ ಕಡೆಯ ಕಾಡಿನಲ್ಲಿ ಒಂದೇ ಟವರ್ ಹಲವು ಕಿಲೋಮೀಟರ್ ಗುಡ್ಡಕ್ಕೆ ಸಿಗ್ನಲ್ ಕೊಡುತ್ತಿರುತ್ತದೆ. ಫೋನಿನ ಡಬ್ಬಿ ಮನೆಯಲ್ಲಿದ್ದರೆ ಅದರ ಮೇಲಿನ 15 ಅಂಕಿಯ ಐಎಂಇಐ ಸಂಖ್ಯೆಯನ್ನೂ ಕೊಡಿ. ಬೇರೆ ಸಿಮ್ ಹಾಕಿದರೂ ಆ ಹ್ಯಾಂಡ್‌ಸೆಟ್ ಪತ್ತೆಯಾಗುತ್ತದೆ.

ಕ್ಯಾಮೆರಾ ದೃಶ್ಯಕ್ಕೆ ಅಷ್ಟು ಆಯುಷ್ಯವಿಲ್ಲ. ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ದಾಖಲಾಗುತ್ತದೆ. ಹೆಚ್ಚಿನ ಕಡೆ ಹದಿನೈದರಿಂದ ಮೂವತ್ತು ದಿನ, ಅಂಗಡಿಗಳಲ್ಲಿ ಇನ್ನೂ ಕಡಿಮೆ. ನಾವು ಕೇಳುವ ಹೊತ್ತಿಗೆ ಎಲ್ಲ ಅಳಿಸಿಹೋಗಿತ್ತು. ಮೊದಲ ವಾರದಲ್ಲಿ ಮನೆಯವರು ಮಾಡಬಹುದಾದ ಮುಖ್ಯ ಕೆಲಸ ಇದು: ಹೋಗಿರಬಹುದಾದ ದಾರಿಯ ಅಂಗಡಿ, ಲಾಡ್ಜ್, ಪೆಟ್ರೋಲ್ ಬಂಕ್‌ಗಳಲ್ಲಿ ಕ್ಯಾಮೆರಾ ಎಲ್ಲೆಲ್ಲಿದೆ ಎಂದು ನೋಡಿ ಪಟ್ಟಿ ಮಾಡಿ, ದೃಶ್ಯ ಅಳಿಸದಂತೆ ಮಾಲೀಕರಲ್ಲಿ ವಿನಂತಿಸಿ, ಆ ಪಟ್ಟಿಯನ್ನು ಠಾಣೆಗೆ ಬರಹದಲ್ಲಿ ಕೊಡುವುದು.

ಹೊಳೆಯ ಪ್ರಶ್ನೆಗೆ ಮಾತ್ರ ಉತ್ತರ ಹತ್ತೇ ದಿನದಲ್ಲಿ ಬಂತು. ತುಂಗೆ ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ತುಂಗಭದ್ರೆಯಾಗಿ ಹೊನ್ನಾಳಿಯತ್ತ ಹರಿಯುತ್ತಾಳೆ. ಹೊನ್ನಾಳಿ ದಾವಣಗೆರೆ ಜಿಲ್ಲೆ. ಜಿಲ್ಲೆ ಬದಲಾದರೆ ಎಸ್‌ಪಿ ಬೇರೆ, ಶವಾಗಾರ ಬೇರೆ, ಕಡತವೂ ಬೇರೆ. ದೂರು ದಾಖಲಾದ ಮರುದಿನವೇ ಆ ಕಡೆ ಒಂದು ಅಪರಿಚಿತ ಶವ ಸಿಕ್ಕಿತ್ತು. ಹೊಸ ಸಂಹಿತೆಯ 194ನೇ ಕಲಂ ಪ್ರಕಾರ ಅಸ್ವಾಭಾವಿಕ ಮರಣದ ಪ್ರಕರಣ, ಅಂದರೆ ಯುಡಿಆರ್, ದಾಖಲಿಸಿ, ಪಂಚನಾಮೆ, ಮರಣೋತ್ತರ ಪರೀಕ್ಷೆ ಮುಗಿಸಿ, ಕೆಲ ದಿನ ಕಾದು ಮಣ್ಣು ಮಾಡಿದ್ದರು. ಮರಣೋತ್ತರ ವರದಿಯಲ್ಲಿ ಬಲ ತೊಡೆಯ ಮೂಳೆಯಲ್ಲಿ ಲೋಹದ ರಾಡ್ ಇದೆ ಎಂದು ವೈದ್ಯರು ಬರೆದಿದ್ದರು. ನಮ್ಮ ಮನವಿಯನ್ನು ಹಿಡಿದು ಅಲ್ಲಿಗೆ ಹೋದ ಹೆಡ್ ಕಾನ್‌ಸ್ಟೆಬಲ್ ಅದನ್ನು ಓದಿ ಅಲ್ಲಿಂದಲೇ ನನಗೆ ಫೋನ್ ಮಾಡಿದರು. "ಈ ರಾಡಿನ ಮಾತು ಮೊದಲೇ ಬರೆದಿದ್ದರೆ ಅವತ್ತೇ ಸಿಗ್ತಿತ್ತು ಮೇಡಂ" ಎಂದವರ ದನಿ ಕಟ್ಟಿತ್ತು. ಆಮೇಲೆ ತೆಗೆದಿಟ್ಟಿದ್ದ ಮಾದರಿಗೂ ಮಗನ ರಕ್ತಕ್ಕೂ ಡಿಎನ್‌ಎ ತಾಳೆಯಾಯಿತು. ಅವರು ಹೊಳೆಗೆ ಬಿದ್ದದ್ದು ಹೇಗೆ ಎಂಬ ತನಿಖೆಯಲ್ಲಿ ಆ ಮೂರು ಫೋನ್ ಕರೆಗಳೂ ಈಗ ಸೇರಿವೆ.

ಮನವಿಗೂ ಜಗ್ಗದಿದ್ದರೆ? ದೂರನ್ನೇ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಹೊಸ ಸಂಹಿತೆಯ 173(4)ರ ಅಡಿ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ 175(3)ರ ಅಡಿ ಅಫಿಡವಿಟ್ ಸಮೇತ ಜೆಎಂಎಫ್‌ಸಿ, ಅಂದರೆ ಮ್ಯಾಜಿಸ್ಟ್ರೇಟ್, ಕೋರ್ಟಿಗೆ ಅರ್ಜಿ. ಠಾಣೆ, ಎಸ್‌ಪಿ ಎಂಬ ಎರಡು ಮೆಟ್ಟಿಲು ಹತ್ತಿದ ದಾಖಲೆ ಇಲ್ಲದೆ ಕೋರ್ಟಿಗೆ ಬಂದವರ ಅರ್ಜಿ ಎಷ್ಟೋ ಸಲ ವಾಪಸಾಗುತ್ತದೆ. ಎಫ್‌ಐಆರ್ ಆಗಿ ತನಿಖೆ ನಡೆಯುತ್ತಿದ್ದರೆ, ತೊಂಬತ್ತು ದಿನದೊಳಗೆ ಪ್ರಗತಿಯನ್ನು ದೂರುದಾರರಿಗೆ ತಿಳಿಸಬೇಕೆಂದು 193ನೇ ಕಲಂ ಹೇಳುತ್ತದೆ. ಅದನ್ನು ಬರಹದಲ್ಲಿ ಕೇಳಿ. ಯಾರೋ ಕೂಡಿಹಾಕಿದ್ದಾರೆ ಎನ್ನಲು ಆಧಾರವಿದ್ದರೆ ಹೇಬಿಯಸ್ ಕಾರ್ಪಸ್ ಅರ್ಜಿಯೊಡನೆ ಹೈಕೋರ್ಟಿಗೆ ಹೋಗಬಹುದು, ನಮ್ಮ ಜಿಲ್ಲೆಗೆ ಬೆಂಗಳೂರಿನ ಪೀಠ. ಎಲ್ಲಿದ್ದಾರೆಂದೇ ಗೊತ್ತಿಲ್ಲ ಎಂಬುದಷ್ಟೇ ನಿಮ್ಮ ಕೈಲಿದ್ದರೆ ಆ ಅರ್ಜಿ ನಿಲ್ಲುವುದು ಕಷ್ಟ. ಇನ್ನೊಂದು ಮಾತನ್ನು ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೋದವರು ವಯಸ್ಕರಾಗಿ, ಸ್ವಂತ ಇಚ್ಛೆಯಿಂದ ಹೋಗಿದ್ದರೆ, ಪೊಲೀಸರು ಅವರ ಹೇಳಿಕೆ ಪಡೆದು ಪ್ರಕರಣ ಮುಗಿಸುತ್ತಾರೆ. ಬಲವಂತವಾಗಿ ಮನೆಗೆ ಕರೆತರುವುದಿಲ್ಲ.

ಸುಳಿವೇ ಸಿಗದ ಮನೆಗಳಿಗೆ ಉಳಿಯುವುದು ಏಳು ವರ್ಷದ ನಿಯಮ. ಅಷ್ಟು ಕಾಲ, ಸುದ್ದಿ ತಿಳಿಯಬೇಕಾಗಿದ್ದವರಿಗೂ ಸುದ್ದಿ ಇಲ್ಲದಿದ್ದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಪ್ರಕಾರ, ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕಾಗುತ್ತದೆ. ಅಲ್ಲಿಯವರೆಗೆ ಮರಣ ಪ್ರಮಾಣಪತ್ರವಿಲ್ಲ, ಪೌತಿ ಖಾತೆ ಆಗುವುದಿಲ್ಲ, ವಿಮೆಯ ಹಣ ಬರುವುದಿಲ್ಲ. ಈ ಹೆಣ್ಣುಮಗಳು ಏಳು ವರ್ಷ ಕಾಯಬೇಕಾಗಿ ಬರಲಿಲ್ಲ. ಡಿಎನ್‌ಎ ವರದಿ ಬಂದ ವಾರ ಹೊನ್ನಾಳಿ ಕಡೆಯ ಆ ಸ್ಮಶಾನಕ್ಕೆ ಮಗನನ್ನು ಕರೆದುಕೊಂಡು ಹೋದರು. ಸಿಬ್ಬಂದಿ ತೋರಿಸಿದ ಜಾಗದಲ್ಲಿ ನಂಬರ್ ಬರೆದ ಒಂದು ಕಲ್ಲು ಇತ್ತು. ಅಲ್ಲಿಯೇ ಕೂತು ಎಡೆ ಇಟ್ಟು ಬಂದರು.