ಚಿಕ್ಕಪ್ಪನ 64 ಜಿಬಿ

ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಚಿಕ್ಕಪ್ಪನ ಜೊತೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೊಬೈಲ್ ಅಂಗಡಿಗೆ ಹೋಗಿದ್ದೆ. ಅವರ ದೂರು ಒಂದೇ. "ಫೋಟೋ ತೆಗೆಯೋಕೆ ಹೋದ್ರೆ ಜಾಗ ಇಲ್ಲ ಅನ್ನುತ್ತೆ ಮಾರಾಯ." ಅಂಗಡಿಯ ಹುಡುಗ ಒಂದು ಡಬ್ಬಿ ಮುಂದಿಟ್ಟ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 16 ಜಿಬಿ ರ‍್ಯಾಮ್ ಎಂದಿತ್ತು. "ಇದರಲ್ಲಿ ಮೆಮೊರಿ ಜಾಸ್ತಿ ಸಾರ್" ಅಂದ. ಎಡವಟ್ಟಾಗುವುದು ಇಲ್ಲೇ.

ಕೀಪ್ಯಾಡ್ ಫೋನಿನ ಕಾಲದಿಂದ ನಮಗೆ ಮೆಮೊರಿ ಎಂದರೆ ಮೆಮೊರಿ ಕಾರ್ಡು. ಹಾಡು, ಫೋಟೋ ತುಂಬಿಡುವ ಜಾಗ. ಈಗ ಆ ಕೆಲಸ ಮಾಡುವುದು ಫೋನಿನೊಳಗಿನ ಸ್ಟೋರೇಜ್. ಅಂಗಡಿ ಮಾತಿನಲ್ಲಿ 'ಇಂಟರ್ನಲ್'. ರ‍್ಯಾಮ್‌ಗೂ ಮೆಮೊರಿ ಅಂತಾರೆ, ಅದನ್ನೂ ಜಿಬಿಯಲ್ಲೇ ಅಳೆಯುತ್ತಾರೆ. ಡಬ್ಬಿಯ ಮೇಲೆ ಎರಡನ್ನೂ ಸುಮ್ನೆ '4 + 64' ಎಂದು ಬರೆದುಬಿಟ್ಟರೆ ಯಾವುದು ಯಾವುದಕ್ಕೆ ಅಂತ ಯಾರಿಗೆ ಗೊತ್ತಾಗಬೇಕು? ಚಿಕ್ಕ ಅಂಕಿ ರ‍್ಯಾಮ್, ದೊಡ್ಡದು ಸ್ಟೋರೇಜ್.

ಚಿಕ್ಕಪ್ಪ ಅಡಿಕೆ ಬೆಳೆಗಾರರು. ಅವರಿಗೆ ಹೀಗೆ ಹೇಳಿದೆ: ಸುಲಿಯುವವರು ಮೆಟ್ಟುಗತ್ತಿ ಮುಂದೆ ಹರವಿಕೊಂಡ ಅಡಿಕೆ ಇದೆಯಲ್ಲ, ಆ ಜಾಗ ರ‍್ಯಾಮ್. ಒಣಗಿದ ಅಡಿಕೆ ಚೀಲ ಇಡುವ ಅಟ್ಟ ಸ್ಟೋರೇಜ್. ತೆರೆದ ಆ್ಯಪ್ ಅಟ್ಟದಿಂದ ಇಳಿದು ಕತ್ತಿ ಮುಂದೆ ಬರುತ್ತದೆ. ಮುಚ್ಚಿದರೂ ಅಟ್ಟದ ಮೂಲ ಹಾಗೇ ಇರುತ್ತದೆ.

ಒಳಗೆ ಎರಡೂ ಬೇರೆ ಬೇರೆ ಚಿಪ್ಪುಗಳು. ರ‍್ಯಾಮ್‌ನಲ್ಲಿ ಪ್ರತಿ ಬಿಟ್ಟೂ ಒಂದು ಪುಟಾಣಿ ಕೆಪಾಸಿಟರಿನಲ್ಲಿರುವ ವಿದ್ಯುತ್ತು. ಅದು ಸೋರುತ್ತಲೇ ಇರುತ್ತದೆ. ಹಾಗಾಗಿ ಸೆಕೆಂಡಿಗೆ ಹತ್ತಾರು ಸಲ ಮತ್ತೆ ತುಂಬಿಸಬೇಕು. ಫೋನ್ ಆಫ್ ಆದರೆ ಎಲ್ಲ ಖಾಲಿ. ಸ್ಟೋರೇಜಿನ ಫ್ಲ್ಯಾಶ್ ಚಿಪ್ಪಿನಲ್ಲಿ ಎಲೆಕ್ಟ್ರಾನುಗಳನ್ನು ಹೊರಬರದಂತೆ ಕೂಡಿ ಹಾಕಿರುತ್ತಾರೆ. ಕರೆಂಟ್ ಇಲ್ಲದೆಯೂ ವರ್ಷಗಟ್ಟಲೆ ಉಳಿಯುತ್ತವೆ, ಆದರೆ ಫ್ಲ್ಯಾಶ್ ನಿಧಾನ. ಕೇಳಿದ ಮಾಹಿತಿ ಕೊಡಲು ರ‍್ಯಾಮ್‌ಗೆ ಸುಮಾರು 100 ನ್ಯಾನೋ ಸೆಕೆಂಡ್ ಸಾಕು. ಫ್ಲ್ಯಾಶ್‌ಗೆ ಹೆಚ್ಚುಕಮ್ಮಿ ಅದರ ಸಾವಿರ ಪಟ್ಟು ಹೊತ್ತು ಬೇಕು.

ಆ 16 ಜಿಬಿ ಎಲ್ಲಿಂದ ಬಂತು? ಡಬ್ಬಿ ತಿರುಗಿಸಿದೆ. ಸಣ್ಣ ಅಕ್ಷರದಲ್ಲಿ '8 + 8' ಎಂದಿತ್ತು. ನಿಜವಾದ ರ‍್ಯಾಮ್ 8 ಜಿಬಿ. ಉಳಿದ 8 ಜಿಬಿ ಸ್ಟೋರೇಜಿನಿಂದ ಎರವಲು. ರ‍್ಯಾಮ್ ತುಂಬಿದಾಗ ಫೋನ್ ಸದ್ಯಕ್ಕೆ ಬೇಡದ್ದನ್ನು ಅಲ್ಲಿ ಇಟ್ಟು ಬರುತ್ತದೆ. ಅಟ್ಟದ ಒಂದು ಮೂಲೆಗೆ ಸುಣ್ಣದ ಗೆರೆ ಎಳೆದು ಇದೂ ಕತ್ತಿ ಮುಂದಿನ ಜಾಗ ಅಂದ ಹಾಗೆ. ಪೂರ್ತಿ ಸುಳ್ಳಲ್ಲ, ಒಂದೆರಡು ಆ್ಯಪ್ ಜಾಸ್ತಿ ಹೊತ್ತು ತೆರೆದಿರಬಹುದು. ಆದರೆ ಎರಡನ್ನೂ ಕೂಡಿಸಿ 16 ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ. ಮೇಲಾಗಿ ಸ್ಟೋರೇಜ್ ಅಷ್ಟು ಕಮ್ಮಿಯಾಗುತ್ತದೆ. ಜಾಗ ಇಲ್ಲ ಎಂದು ಬಂದವರಿಗೆ ಜಾಗ ತಿನ್ನುವ ಸೌಲಭ್ಯ!

ಅಲ್ಲೇ ನಿಂತು ಹಳೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ `Storage` ತೆರೆದೆ. 64ರಲ್ಲಿ ಸಿಸ್ಟಮ್ಮೇ 18 ಜಿಬಿ ಹಿಡಿದಿತ್ತು. ವಾಟ್ಸಾಪ್ 21, ಕ್ಯಾಮೆರಾದ ಫೋಟೋ ವಿಡಿಯೋ 14, ಉಳಿದ ಆ್ಯಪ್‌ಗಳು 9. ಒಟ್ಟು 62. "ನಾನು ದಿನಾ ಆ್ಯಪ್ ಎಲ್ಲ ತಳ್ಳಿ ಕ್ಲೋಸ್ ಮಾಡ್ತೀನಲ್ಲ?" ಅಂದರು ಚಿಕ್ಕಪ್ಪ. ಹಾಗೆ ತಳ್ಳಿದರೆ ಖಾಲಿಯಾಗುವುದು ರ‍್ಯಾಮ್. ಫೋಟೋ ಇಡಲು ಅದರಿಂದ ಒಂದು ಇಂಚೂ ಸಿಗುವುದಿಲ್ಲ.

"ಹಾಗಾದ್ರೆ ಫೋನ್ ಸ್ಲೋ ಆಗಿರೋದು ಯಾಕೆ?" ಈ ಪ್ರಶ್ನೆ ಸರಿಯಾಗಿತ್ತು. ಸ್ಟೋರೇಜ್ ತುಂಬಿದರೂ ಫೋನ್ ನಿಧಾನ ಆಗುತ್ತದೆ. ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದದ್ದರ ಮೇಲೆ ನೇರವಾಗಿ ಮತ್ತೆ ಬರೆಯಲು ಬರುವುದಿಲ್ಲ, ಮೊದಲು ಅಳಿಸಬೇಕು. ಬರೆಯುವುದು ಚಿಕ್ಕ ಪುಟಗಳಲ್ಲಿ, ಅಳಿಸುವುದು ಅಂಥ ಹಲವು ಪುಟಗಳ ದೊಡ್ಡ ಬ್ಲಾಕಿನಲ್ಲಿ. ಬ್ಲಾಕಿನಲ್ಲಿ ಬೇಕಾದ ಪುಟಗಳಿದ್ದರೆ ಅವನ್ನು ಬೇರೆಡೆ ಸಾಗಿಸಿ ಆಮೇಲೆ ಅಳಿಸಬೇಕು. ಜಾಗ ಕಮ್ಮಿಯಾದಷ್ಟೂ ಈ ಎತ್ತಿಡುವ ಕೆಲಸ ಜಾಸ್ತಿ. ನೋಡುವವರಿಗೆ ಮಾತ್ರ ರ‍್ಯಾಮ್ ಸಾಲದ ಹಾಗೇ ಕಾಣುತ್ತದೆ.

ಹೊಸ ಫೋನ್ ಕೊಳ್ಳದೆ ಮನೆಗೆ ಬಂದೆವು. ವಾಟ್ಸಾಪಿನ `Manage storage` ತೆರೆದರೆ ದೊಡ್ಡ ಫೈಲುಗಳು ಒಂದೇ ಕಡೆ ಸಿಗುತ್ತವೆ. ಗುಡ್ ಮಾರ್ನಿಂಗ್ ವಿಡಿಯೋಗಳೇ ರಾಶಿ. ಅಳಿಸಿದಾಗ 17 ಜಿಬಿ ಖಾಲಿಯಾಯಿತು. ಕ್ಯಾಮೆರಾ ಸರಿಹೋಯಿತು, ಫೋನೂ ಸ್ವಲ್ಪ ಚುರುಕಾಯಿತು.

ಒಂದು ತೊಂದರೆ ಮಾತ್ರ ಹೋಗಲಿಲ್ಲ. ಬ್ಯಾಂಕಿನ ಆ್ಯಪ್‌ನಿಂದ ಮೆಸೇಜಿಗೆ ಹೋಗಿ ಒಟಿಪಿ ನೋಡಿಕೊಂಡು ವಾಪಸ್ ಬಂದರೆ, ಆ್ಯಪ್ ಮೊದಲಿಂದ ಶುರುವಾಗುತ್ತಿತ್ತು. ರ‍್ಯಾಮ್ ಸಾಲದೆ ಇದ್ದಾಗ ಆಂಡ್ರಾಯ್ಡ್ ಹಿಂದೆ ಸರಿದ ಆ್ಯಪ್ ಅನ್ನು ಮುಚ್ಚಿಬಿಡುತ್ತದೆ. ಇದು ಚಿಕ್ಕಪ್ಪನ ಫೋನಿನ 4 ಜಿಬಿ ರ‍್ಯಾಮ್‌ನ ಮಿತಿ, ಎಷ್ಟು ವಿಡಿಯೋ ಅಳಿಸಿದರೂ ಬದಲಾಗದು. ಅಡಿಕೆ ಮಾರಿದ ಮೇಲೆ ಚಿಕ್ಕಪ್ಪ ಅದೇ ಅಂಗಡಿಗೆ ಹೋಗಿ, "ತಮ್ಮಾ, ಅಟ್ಟದ್ದು ಸೇರಿಸದೆ ರ‍್ಯಾಮ್ ಎಷ್ಟು ಹೇಳು" ಎಂದು ಕೇಳಿದರಂತೆ.