ಮೊಟ್ಟೆಯಲ್ಲಿ 0.7 ಸಿಕ್ಕಿತು ಅಂದರೆ ಏನರ್ಥ? ಆಂಟಿಬಯೋಟಿಕ್, ಹಾರ್ಮೋನ್ ಬಗ್ಗೆ ನನ್ನ ಟಿಪ್ಪಣಿ

2025ರ ಡಿಸೆಂಬರಿನಲ್ಲಿ ಒಂದು ಬ್ರಾಂಡಿನ ಮೊಟ್ಟೆಯಲ್ಲಿ ನಿಷೇಧಿತ ನೈಟ್ರೋಫ್ಯುರಾನ್ ಔಷಧದ ಅಂಶ ಸಿಕ್ಕಿದೆ ಎಂಬ ಸುದ್ದಿ ಎಲ್ಲರ ಫೋನಿಗೂ ಬಂತು. ಉಡುಪಿಯಿಂದ ಅಕ್ಕ ಫೋನ್ ಮಾಡಿದಳು. "ನೀನು ಮಂಗಳೂರಲ್ಲಿ ಇದನ್ನೇ ಓದ್ತಾ ಇದ್ದಿಯಲ್ಲ ಮಾರಾಯ್ತಿ, ಮಗುವಿಗೆ ಮೊಟ್ಟೆ ಕೊಡ್ಲಾ, ಬೇಡ್ವಾ?" ನನಗೆ ಆಗ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಆಮೇಲೆ ಕೂತು ಓದಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ನಾನು ಸಿಕ್ಕಿಬಿದ್ದ ಜಾಗ: ಎರಡು ಬಗೆಯ ಮಿತಿ

ಸುದ್ದಿಯಲ್ಲಿದ್ದ ಅಂಕಿ ಕಿಲೋಗೆ 0.7 ಮೈಕ್ರೋಗ್ರಾಂ ಆಸುಪಾಸು. ಕಿಲೋಗೆ ಒಂದು ಮೈಕ್ರೋಗ್ರಾಂ ಅಂದರೆ ಒಂದು ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಪುಸ್ತಕದಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಔಷಧಕ್ಕೆ ಮೊಟ್ಟೆಯಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋಗೆ 400 ಮೈಕ್ರೋಗ್ರಾಂ ಎಂದಿತ್ತು. 400ರ ಮುಂದೆ 0.7 ಏನೂ ಅಲ್ಲ ಎಂದು ಮೊದಲು ಅಂದುಕೊಂಡೆ. ಅದು ತಪ್ಪು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವ ಹಾಗೇ ಇಲ್ಲ.

400 ಎಂಬುದು ಆರೋಗ್ಯದ ಲೆಕ್ಕಕ್ಕೆ ಹೊಂದಿಸಿದ ಮಿತಿ. ಆಕ್ಸಿಟೆಟ್ರಾಸೈಕ್ಲಿನ್ ಅನ್ನು ಮನುಷ್ಯ ದಿನವೂ ಎಷ್ಟು ಸೇವಿಸಿದರೆ ತೊಂದರೆ ಇಲ್ಲ ಎಂಬುದಕ್ಕೆ ಒಂದು ಲೆಕ್ಕ ಇದೆ. ದೇಹತೂಕದ ಪ್ರತಿ ಕಿಲೋಗೆ 30 ಮೈಕ್ರೋಗ್ರಾಂವರೆಗೆ. 60 ಕಿಲೋ ತೂಗುವವರಿಗೆ 1,800 ಆಯಿತು. ಈಗ ಒಂದು ಮೊಟ್ಟೆಯಲ್ಲಿ ತಿನ್ನುವ ಭಾಗ 50 ಗ್ರಾಂ ಅನ್ನಿ. ಅದರಲ್ಲಿ ಮಿತಿಯ ಅಂಚಿನಷ್ಟೇ ಔಷಧ ಇದ್ದರೂ 400ರ ಇಪ್ಪತ್ತನೇ ಒಂದು ಪಾಲು, ಅಂದರೆ 20 ಮೈಕ್ರೋಗ್ರಾಂ. 1,800 ಮುಟ್ಟಬೇಕಾದರೆ ದಿನಕ್ಕೆ 90 ಮೊಟ್ಟೆ ಬೇಕು. 12 ಕಿಲೋದ ಮಗುವಿಗೆ 18 ಮೊಟ್ಟೆ. ಹಾಲು, ಮಾಂಸದಲ್ಲೂ ಇದೇ ಔಷಧ ಇರಬಹುದು ಅಂತಲೇ ಇಷ್ಟು ಜಾಗ ಬಿಟ್ಟಿರುತ್ತಾರೆ.

ನೈಟ್ರೋಫ್ಯುರಾನಿಗೆ ಇಂಥ ಲೆಕ್ಕವೇ ಇಲ್ಲ. ಅದು ಜೀವಕೋಶದ ಡಿಎನ್‌ಎಗೆ ಹಾನಿ ಮಾಡಬಲ್ಲದು, ಪ್ರಾಣಿಗಳ ಪ್ರಯೋಗದಲ್ಲಿ ಕ್ಯಾನ್ಸರ್ ಗಡ್ಡೆಯೂ ಕಂಡಿದೆ. ಹಾಗಾಗಿ "ಇಷ್ಟರವರೆಗೆ ಪರವಾಗಿಲ್ಲ" ಎಂಬ ಗೆರೆ ಎಳೆಯದೆ ಔಷಧವನ್ನೇ ನಿಷೇಧಿಸಿದ್ದಾರೆ. ಹಾಗಾದರೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೇಳುವ 1.0 ಪಿಪಿಬಿ ಮಿತಿ ಎಲ್ಲಿಂದ ಬಂತು? ಅಧಿಕಾರಿಗಳು ಕ್ರಮ ಕೈಗೊಳ್ಳಲಿಕ್ಕೆ ಇಟ್ಟ ಗೆರೆ ಅದು. ಲ್ಯಾಬಿನ ಯಂತ್ರ ನಂಬಿಕೆಯಿಂದ ಅಳೆಯಬಲ್ಲ ಮಟ್ಟವನ್ನು ನೋಡಿ ಇಂಥ ಗೆರೆ ಹಾಕುತ್ತಾರೆ. ಅದರ ಕೆಳಗೆ ಸಿಕ್ಕರೆ ಕಾನೂನಿನ ಉಲ್ಲಂಘನೆ ಅಲ್ಲ, ಆದರೆ ಔಷಧ ಬಳಸಲು ಒಪ್ಪಿಗೆ ಅಂತಲೂ ಅಲ್ಲ.

ಇದು ತಲೆಗೆ ಹತ್ತಿದ್ದು ಯುರೋಪಿನ ಗೆರೆ ನೋಡಿದ ಮೇಲೆ. ಅಲ್ಲೂ ಮೊದಲು 1 ಪಿಪಿಬಿ ಇತ್ತು, 2022ರ ನವೆಂಬರಿನಿಂದ 0.5 ಆಯಿತು. ಅದೇ 0.7 ಇಲ್ಲಿ ಗೆರೆಯ ಕೆಳಗೆ, ಅಲ್ಲಿ ಗೆರೆಯ ಮೇಲೆ. ಮೊಟ್ಟೆ ಬದಲಾಗಲಿಲ್ಲ, ಗೆರೆ ಬದಲಾಯಿತು. ನಮ್ಮ ಕರಾವಳಿಯವರಿಗೆ ಈ ಹೆಸರು ಹೊಸದೂ ಅಲ್ಲ. ಹೊರದೇಶಕ್ಕೆ ಹೋದ ಭಾರತದ ಸಿಗಡಿ ಇದೇ ನೈಟ್ರೋಫ್ಯುರಾನ್ ಕಾರಣಕ್ಕೆ ವಾಪಸ್ ಬಂದದ್ದುಂಟು.

0.7 ಪಿಪಿಬಿ ಅಂದರೆ ಒಂದು ಮೊಟ್ಟೆಗೆ 0.035 ಮೈಕ್ರೋಗ್ರಾಂ. ಅಕ್ಕನಿಗೆ ಹೇಳಿದ್ದು ಇಷ್ಟು: "ಈ ಅಂಕಿ ನೋಡಿ ಮಗುವಿನ ಮೊಟ್ಟೆ ನಿಲ್ಲಿಸ್ಬೇಡ. ಆದ್ರೆ ಅದು ಅಲ್ಲಿ ಹೇಗೆ ಬಂತು ಅಂತ ಕೇಳೋದು ನ್ಯಾಯವೇ." ಎರಡೂ ಮಾತು ಒಟ್ಟಿಗೆ ನಿಜ. ಜಗಳ ಆಗುವುದು ಒಂದನ್ನೇ ಹಿಡಿದುಕೊಂಡಾಗ.

ಇನ್ನೊಂದು ವಿಷಯ. ಲ್ಯಾಬಿನವರು ಹುಡುಕುವುದು ಮೂಲ ಔಷಧವನ್ನಲ್ಲ. ಅದು ಕೋಳಿಯ ಮೈಯಲ್ಲಿ ಕೆಲವೇ ಗಂಟೆಯಲ್ಲಿ ಒಡೆದುಹೋಗುತ್ತದೆ. ಒಡೆದ ತುಂಡು ಪ್ರೋಟೀನಿಗೆ ಅಂಟಿ ವಾರಗಟ್ಟಲೆ ಉಳಿಯುತ್ತದೆ. ಫ್ಯುರಾಜೋಲಿಡೋನ್ ಎಂಬ ನೈಟ್ರೋಫ್ಯುರಾನಿನ ತುಂಡಿಗೆ ಎಓಝೆಡ್ ಎಂದು ಹೆಸರು. ವರದಿಯಲ್ಲಿ ಬರುವುದು ಅದೇ.

ಹಾರ್ಮೋನ್

ಇಲ್ಲಿ ಹೇಳುವುದು ಕಡಿಮೆ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ಆಹಾರದಲ್ಲಿ ಬೆರೆಸಿದರೆ ಕೋಳಿಯ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಕೆಲಸ ಮಾಡಬೇಕಾದರೆ ಸಾವಿರಾರು ಕೋಳಿಗಳಿಗೆ ಒಂದೊಂದಾಗಿ, ಮತ್ತೆ ಮತ್ತೆ ಇಂಜೆಕ್ಷನ್ ಚುಚ್ಚಬೇಕು. ಕೆಲವೇ ರೂಪಾಯಿಯ ಮೊಟ್ಟೆಗೆ ಅದು ಗಿಟ್ಟುವುದಿಲ್ಲ. ಫಾರ್ಮ್ ಕೋಳಿ ವರ್ಷಕ್ಕೆ 300ಕ್ಕಿಂತ ಜಾಸ್ತಿ ಮೊಟ್ಟೆ ಇಡುವುದು ತಳಿ, ಆಹಾರ ಮತ್ತು ದಿನಕ್ಕೆ 16 ಗಂಟೆಯಷ್ಟು ಬೆಳಕಿನಿಂದ. ಬೆಳಕು ಕೋಳಿಯ ಸ್ವಂತ ಹಾರ್ಮೋನನ್ನೇ ಎಚ್ಚರಿಸುತ್ತದೆ. ಆ ಸಹಜ ಹಾರ್ಮೋನ್ ಊರ ಕೋಳಿಯ ಮೊಟ್ಟೆಯಲ್ಲೂ ಇರುತ್ತದೆ. ಹಾಗಾಗಿ "ಹಾರ್ಮೋನ್ ರಹಿತ ಮೊಟ್ಟೆ" ಎಂಬ ಲೇಬಲ್ಲಿಗೆ ಜಾಸ್ತಿ ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಒಂದು ಸುದ್ದಿ ಬಂದಾಗ ನಾನು ಕೇಳುವುದು

ಮೊದಲು ಔಷಧದ ಹೆಸರು. ಬರೀ "ಆಂಟಿಬಯೋಟಿಕ್ ಸಿಕ್ಕಿದೆ" ಅಂದರೆ ಅಲ್ಲಿಗೆ ನಿಲ್ಲುತ್ತೇನೆ. ಹೆಸರು ಇದ್ದರೆ ಅಂಕಿ, ಅದರ ಯೂನಿಟ್. ಮಿಲಿಗ್ರಾಂ, ಮೈಕ್ರೋಗ್ರಾಂ ಅದಲುಬದಲಾದರೆ ಸಾವಿರ ಪಟ್ಟು ವ್ಯತ್ಯಾಸ. ಆಮೇಲೆ, ಮಿತಿ ಯಾವ ಬಗೆಯದು. ಕೊನೆಗೆ ಎಷ್ಟು ಮೊಟ್ಟೆ ಪರೀಕ್ಷಿಸಿದರು ಅಂತ. ಒಂದು ಟ್ರೇ ಪರೀಕ್ಷಿಸಿ ಇಡೀ ದೇಶದ ಮೊಟ್ಟೆ ಕೆಟ್ಟದು ಅನ್ನುವ ಹಾಗಿಲ್ಲ, ಒಳ್ಳೆಯದು ಅನ್ನುವ ಹಾಗೂ ಇಲ್ಲ.

ಈ ಅಂಕಿಗಳಲ್ಲಿ ಕಾಣದ ಒಂದು ಅಪಾಯ ಇದೆ. ನನಗೆ ಹೆಚ್ಚು ಚಿಂತೆ ಅದರದ್ದೇ. ಫಾರ್ಮಿನಲ್ಲಿ ದಿನವೂ ಸ್ವಲ್ಪ ಸ್ವಲ್ಪ ಔಷಧ ಕೊಟ್ಟರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮೊಟ್ಟೆಯಲ್ಲಿ ಔಷಧ ಸೊನ್ನೆ ಇದ್ದರೂ ಚಿಪ್ಪಿನ ಮೇಲೆ, ಗೊಬ್ಬರದಲ್ಲಿ ಆ ಬ್ಯಾಕ್ಟೀರಿಯಾ ಇರಬಹುದು. ಆಸ್ಪತ್ರೆಯಲ್ಲಿ ಕೊನೆಯ ಅಸ್ತ್ರದಂತೆ ಬಳಸುವ ಕೊಲಿಸ್ಟಿನ್ ಅನ್ನು ಕೋಳಿಗೆ ಕೊಡಬಾರದು ಎಂದು 2019ರ ಜುಲೈಯಲ್ಲಿ ಭಾರತ ನಿಷೇಧಿಸಿದ್ದು ಇದೇ ಕಾರಣಕ್ಕೆ. ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಔಷಧದ ಅಂಶ ಪೂರ್ತಿ ಹೋಗುವುದಿಲ್ಲ.

ಹಳದಿ ಯಾಕೆ ಮುಖ್ಯ

ಔಷಧ ನಿಲ್ಲಿಸಿದ ಮೇಲೆ ಕೆಲವು ದಿನ ಮೊಟ್ಟೆಯನ್ನು ಯಾಕೆ ತಿನ್ನದೆ ಬಿಡಬೇಕು ಎಂಬುದು ನನಗೆ ಹೊಳೆದದ್ದು ಅಡುಗೆಮನೆಯಲ್ಲಿ. ಊರ ಹೇಂಟೆ ಕೊಯ್ದಾಗ ಒಳಗೆ ಹಳದಿ ಗುಂಡುಗಳ ಗೊಂಚಲು ಸಿಗುತ್ತದಲ್ವಾ? ಒಂದು ದೊಡ್ಡದು, ಮುಂದಿನದು ಸ್ವಲ್ಪ ಸಣ್ಣದು, ಕೊನೆಗೆ ಸಾಸಿವೆಯಷ್ಟು. ಬಿಳಿ ಭಾಗ ಎರಡು ಮೂರು ಗಂಟೆಯಲ್ಲಿ, ಚಿಪ್ಪು ಒಂದು ದಿನದೊಳಗೆ ತಯಾರಾಗುತ್ತದೆ. ಹಳದಿ ಮಾತ್ರ ಕೊನೆಯ ಹತ್ತು ದಿನದಲ್ಲಿ ಈರುಳ್ಳಿಯ ಹಾಗೆ ಪದರ ಪದರವಾಗಿ ದಪ್ಪವಾಗುತ್ತದೆ. ಇವತ್ತು ರಕ್ತದಲ್ಲಿದ್ದ ಔಷಧ ಇವತ್ತಿನ ಪದರದಲ್ಲಿ ಕೂರುತ್ತದೆ. ಆ ಮೊಟ್ಟೆ ಹೊರಗೆ ಬರುವುದು ಮುಂದಿನ ವಾರವೂ ಆಗಬಹುದು.

ಅಕ್ಕನ ಪಕ್ಕದ ಮನೆಯವರು ಎಂಟು ಕೋಳಿ ಸಾಕಿದ್ದಾರೆ. ಕೋಳಿಗೆ ಶೀತ ಆದಾಗ ಅಂಗಡಿಯಿಂದ ಆಕ್ಸಿಟೆಟ್ರಾಸೈಕ್ಲಿನ್ ಪುಡಿ ತಂದು ನೀರಿಗೆ ಹಾಕುತ್ತಾರೆ. ಮೂರು ದಿನ ಬಿಟ್ಟು "ಔಷಧ ಇಲ್ಲದ ಊರ ಮೊಟ್ಟೆ" ಎಂದು ಮನಃಪೂರ್ವಕ ನಂಬಿ ಕೊಡುತ್ತಿದ್ದರು. ಅಕ್ಕ ಆ ಗೊಂಚಲಿನ ಕಥೆ ಹೇಳಿದಳಂತೆ. "ಹೌದಾ? ಹಾಗಾದ್ರೆ ಹಳದಿ ಎಲ್ಲ ಹೊಸತಾಗ್ಬೇಕಲ್ಲ" ಎಂದು ಅವರೇ ಅಂದರಂತೆ. ಈಗ ಪ್ಯಾಕೆಟ್ಟಿನಲ್ಲಿ ಬರೆದ ಬಿಡುವಿನ ದಿನಗಳನ್ನು ಪಶುವೈದ್ಯರ ಹತ್ತಿರ ಕೇಳಿಕೊಂಡು, ಕೊನೆಯ ಡೋಸಿನ ತಾರೀಕನ್ನು ಗೂಡಿನ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ.